ಎಲೆಯ ಮುಂದಿನ ಅಂದಾಜು

ಅನ್ನ, ಸಾರು, ಪಲ್ಯದ ಊಟ ಮುಗಿಸಲು ಕಾಲು ಗಂಟೆ ಸಾಕು. ಆದರೆ ಉಂಡದ್ದೆಲ್ಲ ಜೀರ್ಣವಾಗಿ ರಕ್ತಕ್ಕೆ ಸೇರಲು ಗಂಟೆಗಳೇ ಬೇಕು. ಅಲ್ಲಿಯವರೆಗೆ ಕಾದರೆ ನಾವು ಎಲೆಯ ಮುಂದಿನಿಂದ ಏಳುವುದೇ ಇಲ್ಲ. ಹಾಗಾಗಿ ಊಟದ ಬಹುಪಾಲು ಇನ್ನೂ ಹೊಟ್ಟೆಯಲ್ಲಿರುವಾಗಲೇ ಮಿದುಳು ‘ಸಾಕು’ ಎಂದು ಅಂದಾಜು ಕಟ್ಟಬೇಕು. ಈ ಅಂದಾಜಿಗೆ ಬೇಕಾದ ಸುದ್ದಿಯನ್ನು ಹೊಟ್ಟೆ, ಕರುಳು, ಕೊಬ್ಬು ಹೇಗೆ ಕಳಿಸುತ್ತವೆ ಎಂಬುದು ನೋಡತಕ್ಕ ಕುಸುರಿ.

ಮೊದಲು ಹಸಿವಿನ ಸುದ್ದಿ. ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಜಠರದಲ್ಲಿ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಅದು ಊಟದ ಹೊತ್ತು ಹತ್ತಿರವಾದಂತೆ ರಕ್ತದಲ್ಲಿ ಏರುತ್ತದೆ, ಉಂಡ ಒಂದು ಗಂಟೆಯೊಳಗೆ ಇಳಿಯುತ್ತದೆ. ದಿನವೂ ಒಂದೇ ಹೊತ್ತಿಗೆ ಉಣ್ಣುವವರಲ್ಲಿ ಈ ಏರಿಕೆಯೂ ಆ ಹೊತ್ತಿಗೇ ಹೊಂದಿಕೊಳ್ಳುತ್ತದೆ. ಗ್ರೆಲಿನ್ ತಲುಪುವುದು ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್‌ಗೆ. ಅಲ್ಲಿನ ಒಂದು ಮೂಲೆಯಲ್ಲಿ ಎರಡು ಬಗೆಯ ನರಕೋಶಗಳು ಅಕ್ಕಪಕ್ಕ ಇವೆ. ಎಜಿಆರ್‌ಪಿ ಕೋಶಗಳು ತಿನ್ನಲು ಪ್ರೇರೇಪಿಸುತ್ತವೆ, ಪಿಒಎಂಸಿ ಕೋಶಗಳು ತಡೆಯುತ್ತವೆ. ಗ್ರೆಲಿನ್ ಮೊದಲನೆಯವನ್ನು ಎಬ್ಬಿಸುತ್ತದೆ. ಹಾಗೆಂದು ಹಸಿವೆಲ್ಲ ಗ್ರೆಲಿನ್‌ನದೇ ಅಲ್ಲ. ಅದನ್ನು ತಯಾರಿಸಲಾರದ ಇಲಿಗಳೂ ಹೆಚ್ಚುಕಡಿಮೆ ಎಂದಿನಂತೆಯೇ ತಿನ್ನುತ್ತವೆ. ಆದರೆ ಬೆಳೆದ ಇಲಿಗಳಲ್ಲಿ ಎಜಿಆರ್‌ಪಿ ಕೋಶಗಳನ್ನೇ ನಾಶಮಾಡಿದರೆ ಅವು ತಿನ್ನುವುದನ್ನೇ ಬಿಡುತ್ತವೆ. ಸುದ್ದಿ ತರುವವರು ಹಲವರಿದ್ದಾರೆ, ಕೇಳಿಸಿಕೊಳ್ಳುವ ಕಿವಿ ಮಾತ್ರ ಇದೇ.

ಇನ್ನು ನಿಲ್ಲಿಸುವ ಕೆಲಸ. ಜಠರಕ್ಕೆ ಕೊಳವೆ ಜೋಡಿಸಿ, ನುಂಗಿದ್ದು ಹೊರಗೆ ಹರಿದುಹೋಗುವಂತೆ ಮಾಡಿದರೆ ಇಲಿ ಬಹಳ ಹೊತ್ತು ತಿನ್ನುತ್ತಲೇ ಇರುತ್ತದೆ. ಎಂದರೆ ಬಾಯಿಯ ರುಚಿ, ನುಂಗಿದ ತೃಪ್ತಿ ಇಷ್ಟೇ ಸಾಲದು. ತುಂಬಿದ ಜಠರದ ಗೋಡೆ ಹಿಗ್ಗಬೇಕು, ಆಹಾರ ಕರುಳಿಗೆ ಇಳಿಯಬೇಕು. ಸಣ್ಣ ಕರುಳಿನ ಮೊದಲ ಭಾಗಕ್ಕೆ ಕೊಬ್ಬು, ಪ್ರೋಟೀನ್ ಬಂದೊಡನೆ ಅಲ್ಲಿನ ಕೋಶಗಳು ಕೊಲೆಸಿಸ್ಟೊಕೈನಿನ್, ಅಂದರೆ ಸಿಸಿಕೆ, ಎಂಬ ಹಾರ್ಮೋನನ್ನು ಬಿಡುತ್ತವೆ. ಅದು ಹೆಚ್ಚಾಗಿ ಪಕ್ಕದಲ್ಲೇ ಇರುವ ವೇಗಸ್ ನರದ ತುದಿಗಳನ್ನು ಮುಟ್ಟುತ್ತದೆ. ಜಠರ ಹಿಗ್ಗಿದ ಸುದ್ದಿಯನ್ನು ಮಿದುಳಿನ ಕಾಂಡಕ್ಕೆ ಒಯ್ಯುವುದೂ ಅದೇ ನರ. 1973ರಲ್ಲಿ ಗಿಬ್ಸ್, ಯಂಗ್, ಸ್ಮಿತ್ ಎಂಬ ಸಂಶೋಧಕರು ಇಲಿಗಳಿಗೆ ಸಿಸಿಕೆ ಚುಚ್ಚಿದಾಗ ಅವು ಬೇಗನೆ ತಿನ್ನುವುದನ್ನು ನಿಲ್ಲಿಸಿದವು. ಜಠರದಿಂದ ಬರುವ ವೇಗಸ್ ನರವನ್ನು ಕತ್ತರಿಸಿದರೆ ಈ ಪರಿಣಾಮ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಹಾಗಾದರೆ ಪ್ರತಿ ಊಟಕ್ಕೂ ಸಿಸಿಕೆ ಕೊಟ್ಟರೆ ತೂಕ ಇಳಿಯಬೇಕಲ್ಲವೇ? 1980ರ ದಶಕದಲ್ಲಿ ಇದನ್ನೂ ಪರೀಕ್ಷಿಸಿ ನೋಡಿದರು. ಇಲಿಗಳು ಒಂದೊಂದು ಸಲಕ್ಕೆ ಕಡಿಮೆ ತಿಂದವು, ಆದರೆ ಹೆಚ್ಚು ಸಲ ತಿಂದು ಕೊರತೆಯನ್ನು ಬಹುತೇಕ ತುಂಬಿಸಿಕೊಂಡವು. ಒಂದು ಊಟ ಎಷ್ಟು ದೊಡ್ಡದಾಗಬೇಕೆಂದು ಸಿಸಿಕೆ ಹೇಳಬಲ್ಲದು, ಮೈಯ ದಾಸ್ತಾನು ಎಷ್ಟಿರಬೇಕೆಂದು ಹೇಳಲಾರದು.

ದಾಸ್ತಾನಿನ ಲೆಕ್ಕ ಒಪ್ಪಿಸುವುದು ಲೆಪ್ಟಿನ್. 1994ರಲ್ಲಿ ಜೆಫ್ರಿ ಫ್ರೀಡ್‌ಮನ್‌ರ ತಂಡ ನ್ಯೂಯಾರ್ಕಿನಲ್ಲಿ ಅದರ ವಂಶವಾಹಿಯನ್ನು ಗುರುತಿಸಿತು. ಅದನ್ನು ಸ್ರವಿಸುವುದು ಕೊಬ್ಬಿನ ಕೋಶಗಳೇ: ಕೊಬ್ಬು ಹೆಚ್ಚಿದ್ದಷ್ಟೂ ಲೆಪ್ಟಿನ್ ಹೆಚ್ಚು. ಅದು ಎಜಿಆರ್‌ಪಿ ಕೋಶಗಳನ್ನು ತಗ್ಗಿಸಿ ಪಿಒಎಂಸಿ ಕೋಶಗಳನ್ನು ಎತ್ತುತ್ತದೆ, ಜೊತೆಗೆ ಸಿಸಿಕೆಯ ‘ಸಾಕು’ ಎಂಬ ಮಾತು ಮಿದುಳಿಗೆ ಜೋರಾಗಿ ಕೇಳುವಂತೆ ಮಾಡುತ್ತದೆ. ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದು ಬ್ರಿಟನ್ನಿನ ಒಬ್ಬ ಬಾಲಕಿಯಲ್ಲಿ ಕಂಡಿತು. ವಂಶವಾಹಿಯ ದೋಷದಿಂದ ಅವಳ ಮೈಯಲ್ಲಿ ಲೆಪ್ಟಿನ್ ತಯಾರಾಗುತ್ತಲೇ ಇರಲಿಲ್ಲ. ಎಷ್ಟು ತಿಂದರೂ ಹಸಿವು ತಣಿಯದೆ, ಒಂಬತ್ತನೆಯ ವಯಸ್ಸಿಗೆ ಅವಳ ತೂಕ 94 ಕಿಲೊ ದಾಟಿತ್ತು. ಕೇಂಬ್ರಿಡ್ಜ್‌ನ ಸದಫ್ ಫಾರೂಕಿ, ಸ್ಟೀಫನ್ ಓ’ರಾಹಿಲಿ ಮತ್ತು ಸಂಗಡಿಗರು ದಿನವೂ ಲೆಪ್ಟಿನ್ ಚುಚ್ಚುಮದ್ದು ಕೊಡಿಸಿದರು. ಒಂದು ವರ್ಷದಲ್ಲಿ ತೂಕ 16 ಕಿಲೊ ಇಳಿಯಿತು, ಇಳಿದದ್ದು ಬಹುಪಾಲು ಕೊಬ್ಬೇ.

ಈ ಮದ್ದು ಎಲ್ಲ ದಢೂತಿ ಮೈಯವರಿಗೂ ಒಗ್ಗಲಿಲ್ಲ. ಹೆಚ್ಚಿನವರಲ್ಲಿ ಲೆಪ್ಟಿನ್ ಆಗಲೇ ಧಾರಾಳವಾಗಿರುತ್ತದೆ, ಮಿದುಳು ಅದಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಆದರೆ ಲೆಪ್ಟಿನ್ ಕಡಿಮೆಯಾದರೆ ಮಿದುಳು ತಕ್ಷಣ ಎಚ್ಚೆತ್ತುಕೊಳ್ಳುತ್ತದೆ, ಏಕೆಂದರೆ ಬರಗಾಲದ ಸೂಚನೆ ಅದೇ. ಪಥ್ಯ ಮಾಡಿ ತೂಕ ಇಳಿಸಿದವರನ್ನು ಮೆಲ್ಬರ್ನಿನ ಸಂಶೋಧಕರು ಒಂದು ವರ್ಷದ ಬಳಿಕ ಪರೀಕ್ಷಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೆಪ್ಟಿನ್ ಇನ್ನೂ ಮೊದಲಿಗಿಂತ ಕೆಳಗಿತ್ತು, ಗ್ರೆಲಿನ್ ಮೇಲಿತ್ತು, ಹಸಿವೂ ಹೆಚ್ಚಾಗಿತ್ತು. ಇಳಿದ ತೂಕ ಮತ್ತೆ ಏರಿದಾಗ ಬಾಯಿಚಪಲವೆಂದು ದೂರುವವರು ಈ ಅಂಕಿಗಳನ್ನೊಮ್ಮೆ ನೋಡಬೇಕು.