ರೆಸಿಡೆಂಟ್ ವೈದ್ಯರ ಲಾಗ್‌ಬುಕ್ ನಮೂದು

ರೆಸಿಡೆಂಟ್ ವೈದ್ಯರ ಲಾಗ್‌ಬುಕ್ ನಮೂದು ಎಂದರೆ ಎಂ.ಡಿ. ಅಥವಾ ಎಂ.ಎಸ್. ವ್ಯಾಸಂಗದಲ್ಲಿರುವ ವೈದ್ಯರು ಹಿರಿಯರ ಮೇಲ್ವಿಚಾರಣೆಯಲ್ಲಿ ನೋಡಿದ ಅಥವಾ ಮಾಡಿದ ಪ್ರತಿಯೊಂದು ವೈದ್ಯಕೀಯ ಕ್ರಿಯೆಯ ಕುರಿತು ಬರೆದಿಡುವ ದಾಖಲೆ. ಯಾವ ಕ್ರಿಯೆ ನಡೆಯಿತು, ಅದರಲ್ಲಿ ವಿದ್ಯಾರ್ಥಿಯ ಪಾಲೆಷ್ಟು, ಮೇಲ್ವಿಚಾರಕರ ಪಾಲೆಷ್ಟು, ಅದರಿಂದ ಮುಂದಿನ ಬಾರಿಗೆ ಏನು ಬದಲಾಗಬೇಕು ಎಂಬ ವಿಷಯಗಳು ಇದರಲ್ಲಿರುತ್ತವೆ. ರೋಗಿಯ ಚಿಕಿತ್ಸಾ ಕಡತಕ್ಕಿಂತ ಇದು ಭಿನ್ನವಾದುದು. ಕಡತವು ರೋಗಿಯ ಚಿಕಿತ್ಸೆಯನ್ನು ದಾಖಲಿಸಿದರೆ, ಲಾಗ್‌ಬುಕ್ ವೈದ್ಯರ ಕಲಿಕೆಯನ್ನು ದಾಖಲಿಸುತ್ತದೆ.

## ಹಿನ್ನೆಲೆ

ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ವಿಮ್ಸ್) ಎಂದು ಹೆಸರಾಯಿತು. ಸಂಡೂರು, ಹೊಸಪೇಟೆ, ಕಂಪ್ಲಿ ಕಡೆಯ ರೋಗಿಗಳು ಹೆಚ್ಚಿನ ಚಿಕಿತ್ಸೆಗೆ ಬರುವ ಬೋಧನಾ ಆಸ್ಪತ್ರೆ ಇದು. ಇದೂ ಸೇರಿದಂತೆ ರಾಜ್ಯದ ವೈದ್ಯಕೀಯ ಕಾಲೇಜುಗಳ ಪಠ್ಯಕ್ರಮವನ್ನು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ರೂಪಿಸುತ್ತದೆ. ಅದರ ಸ್ನಾತಕೋತ್ತರ ಪಠ್ಯಕ್ರಮವು ಲಾಗ್‌ಬುಕ್ಕಿಗೆ ಒಂದು ಸರಳ ಕೋಷ್ಟಕವನ್ನು ಸೂಚಿಸಿದೆ. ದಿನಾಂಕ, ಹೆಸರು, ಗುರುತಿನ ಸಂಖ್ಯೆ, ಕ್ರಿಯೆ ಹಾಗೂ ವರ್ಗ ಎಂಬುವು ಅದರ ಅಂಕಣಗಳು.

2020ರಲ್ಲಿ ತಂದ ತಿದ್ದುಪಡಿಯಂತೆ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವುದು ಕಡ್ಡಾಯವಾಯಿತು. ಅಲ್ಲಿನ ತಜ್ಞರಿಗೆ ಈ ವಿದ್ಯಾರ್ಥಿಗಳ ಪರಿಚಯ ಇರುವುದಿಲ್ಲ. ಯಾವ ಕೆಲಸವನ್ನು ಇವರಿಗೆ ಒಪ್ಪಿಸಬಹುದು, ಯಾವುದಕ್ಕೆ ಜೊತೆಯಲ್ಲಿ ನಿಲ್ಲಬೇಕು ಎಂದು ತಿಳಿಯಲು ಲಾಗ್‌ಬುಕ್ ಒಂದು ಆಧಾರ. ಆದ್ದರಿಂದ ಅದರಲ್ಲಿ ಬರೆದ ಮೇಲ್ವಿಚಾರಣಾ ಮಟ್ಟವು ತಪ್ಪಾಗಿದ್ದರೆ ಅದರ ಪರಿಣಾಮ ರೋಗಿಯ ಮೇಲಾಗುತ್ತದೆ.

## ಮೇಲ್ವಿಚಾರಣೆಯ ಮಟ್ಟ

ವಿಶ್ವವಿದ್ಯಾಲಯದ ಕೋಷ್ಟಕದ ‘ವರ್ಗ’ ಅಂಕಣದಲ್ಲಿ ನಾಲ್ಕು ಸಂಕೇತಗಳಿವೆ. ‘ಓ’ ಎಂದರೆ ವಿದ್ಯಾರ್ಥಿ ಕೈತೊಳೆದು ನಿಂತು ಕ್ರಿಯೆಯನ್ನು ಗಮನಿಸಿದ್ದಾರೆ. ‘ಎ’ ಎಂದರೆ ಹಿರಿಯರಿಗೆ ಸಹಾಯ ಮಾಡಿದ್ದಾರೆ. ‘ಪಿಎ’ ಎಂದರೆ ಹಿರಿಯರ ನೇರ ಮೇಲ್ವಿಚಾರಣೆಯಲ್ಲಿ ತಾವೇ ಮಾಡಿದ್ದಾರೆ. ‘ಪಿಐ’ ಎಂದರೆ ಸ್ವತಂತ್ರವಾಗಿ ಮಾಡಿದ್ದಾರೆ.

ಈ ಪೈಕಿ ಹೆಚ್ಚು ಗೊಂದಲಕ್ಕೆ ಎಡೆಯಾಗುವುದು ‘ಪಿಎ’. ಹಿರಿಯರು ಕೈಗವಸು ತೊಟ್ಟು ಪಕ್ಕದಲ್ಲೇ ನಿಂತು ಪ್ರತಿ ಹೆಜ್ಜೆಯನ್ನೂ ಹೇಳಿಕೊಟ್ಟದ್ದಕ್ಕೂ, ಅದೇ ಕೋಣೆಯಲ್ಲಿ ಸುಮ್ಮನೆ ನೋಡುತ್ತಿದ್ದದ್ದಕ್ಕೂ ಸಂಕೇತ ಒಂದೇ. ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಲಾಗ್‌ಬುಕ್ ಈ ಎರಡನ್ನೂ ಬೇರೆ ಬೇರೆ ಸಂಕೇತಗಳಿಂದ ಗುರುತಿಸುತ್ತದೆ. ನೆದರ್ಲೆಂಡ್ಸಿನ ಶಿಕ್ಷಣತಜ್ಞ ಓಲೆ ಟೆನ್ ಕೇಟ್ ಅವರು 2005ರಲ್ಲಿ ಮುಂದಿಟ್ಟ ವಿಚಾರದಿಂದ ಬೆಳೆದ ಐದು ಹಂತಗಳ ಅಳತೆಯಲ್ಲಿಯೂ ಮೇಲ್ವಿಚಾರಕರು ಕೋಣೆಯಲ್ಲೇ ಇರಬೇಕೆ, ಕರೆದಾಗ ಬಂದರೆ ಸಾಕೆ ಎಂಬುದೇ ಮುಖ್ಯ ಪ್ರಶ್ನೆ. ನಾಲ್ಕು ಸಂಕೇತಗಳ ಕೋಷ್ಟಕವನ್ನು ಬಳಸುವವರು ಸಂಕೇತದ ಪಕ್ಕದಲ್ಲಿ ಒಂದು ವಾಕ್ಯ ಸೇರಿಸಿದರೆ ಈ ಕೊರತೆ ನೀಗುತ್ತದೆ. ಮೇಲ್ವಿಚಾರಕರು ಎಲ್ಲಿದ್ದರು, ಯಾವ ಹಂತದಲ್ಲಿ ಮಧ್ಯೆ ಬಂದರು ಎಂಬುದೇ ಆ ವಾಕ್ಯ.

## ಒಂದು ಮಾದರಿ ನಮೂದು

ಸಾಮಾನ್ಯ ವೈದ್ಯಕೀಯ ವಿಭಾಗದ ಒಂದು ಕಲ್ಪಿತ ಪ್ರಸಂಗವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸಂಡೂರು ತಾಲ್ಲೂಕಿನ ಚೋರನೂರಿನಿಂದ ಬಂದ ಮಧ್ಯವಯಸ್ಸಿನ ರೋಗಿಯೊಬ್ಬರ ಬಲ ಶ್ವಾಸಕೋಶದ ಸುತ್ತ ನೀರು ತುಂಬಿಕೊಂಡಿದೆ. ಸೂಜಿಯ ಮೂಲಕ ಆ ನೀರನ್ನು ಹೊರತೆಗೆಯಬೇಕು. ವಿದ್ಯಾರ್ಥಿಗೆ ಇದು ನಾಲ್ಕನೆಯ ಬಾರಿ. ಅಲ್ಟ್ರಾಸೌಂಡ್ ವಿಭಾಗದಲ್ಲಿ ಬೆನ್ನಿನ ಮೇಲೆ ಗುರುತು ಹಾಕಿ ಕಳುಹಿಸಿದ್ದಾರೆ. ಅದರ ನಮೂದು ಹೀಗಿರಬಹುದು:

> ಕ್ರಿಯೆ: ಪ್ಲೂರಲ್ ಟ್ಯಾಪ್, ಬಲಭಾಗ, ರೋಗನಿರ್ಣಯ ಮತ್ತು ಉಸಿರಾಟದ ಉಪಶಮನಕ್ಕಾಗಿ.
> ರೋಗಿ: ಲಾಗ್‌ಬುಕ್ ಕ್ರಮಸಂಖ್ಯೆ 37, ಪುರುಷ, 50–60 ವಯೋಮಾನ.
> ಒಪ್ಪಿಗೆ: ಕನ್ನಡದಲ್ಲಿ ವಿವರಿಸಿ, ಲಿಖಿತ ಒಪ್ಪಿಗೆ ಪಡೆಯಲಾಗಿದೆ.
> ನಡೆದದ್ದು: ಕುಳ್ಳಿರಿಸಿ, ಗುರುತಿನ ಸ್ಥಳದಲ್ಲಿ ಶೇ. 2ರ ಲಿಗ್ನೊಕೇನ್ ನೀಡಲಾಯಿತು. ಮೊದಲ ಪ್ರಯತ್ನದಲ್ಲಿ ನೀರು ಬರಲಿಲ್ಲ. ಮೇಲ್ವಿಚಾರಕರು ಮತ್ತೆ ಅಲ್ಟ್ರಾಸೌಂಡ್ ಮಾಡಿ ಬೇರೆ ಸ್ಥಳ ಗುರುತಿಸಿದರು. ಅಲ್ಲಿ ಕೆಳಪಕ್ಕೆಲುಬಿನ ಮೇಲಂಚಿಗೆ ಒತ್ತಿ ಸೂಜಿ ಹಾಕಿ 900 ಮಿ.ಲೀ. ತೆಗೆಯಲಾಯಿತು. ಕೆಮ್ಮು ಕಾಣಿಸಿಕೊಂಡಾಗ ನಿಲ್ಲಿಸಲಾಯಿತು.
> ಮಟ್ಟ: ಪಿಎ. ಮೇಲ್ವಿಚಾರಕರು ಪಕ್ಕದಲ್ಲಿದ್ದರು, ಸ್ಥಳವನ್ನು ಅವರೇ ಆರಿಸಿದರು, ಎರಡನೆಯ ಬಾರಿ ಸೂಜಿ ಹಾಕಿದ್ದು ವಿದ್ಯಾರ್ಥಿ.

ಸೂಜಿ ಹಿಡಿದದ್ದು ವಿದ್ಯಾರ್ಥಿಯೇ ಆದರೂ ಇದನ್ನು ‘ಪಿಐ’ ಎಂದು ಬರೆಯುವಂತಿಲ್ಲ. ಈ ಕ್ರಿಯೆಯಲ್ಲಿ ಕಠಿಣವಾದ ಭಾಗ ಸ್ಥಳವನ್ನು ನಿರ್ಧರಿಸುವುದು. ಆ ನಿರ್ಧಾರ ಮೇಲ್ವಿಚಾರಕರದು. ಇದನ್ನು ಸ್ವತಂತ್ರವೆಂದು ಬರೆದರೆ, ಮುಂದೆ ರಾತ್ರಿ ಪಾಳಿಯಲ್ಲಿ ಒಬ್ಬರೇ ಇದನ್ನು ಮಾಡಬಲ್ಲರು ಎಂದು ಓದಿದವರು ಭಾವಿಸುತ್ತಾರೆ. ಪಕ್ಕೆಲುಬಿನ ಕೆಳ ಅಂಚಿನಲ್ಲಿ ರಕ್ತನಾಳಗಳಿರುತ್ತವೆ. ಸ್ಥಳ ತಪ್ಪಿದರೆ ಶ್ವಾಸಕೋಶಕ್ಕೆ, ಇನ್ನೂ ಕೆಳಗಾದರೆ ಯಕೃತ್ತಿಗೆ ಸೂಜಿ ತಗಲಬಹುದು.

## ಆತ್ಮಾವಲೋಕನ

ನಮೂದಿನ ಕೊನೆಯ ಭಾಗ ಆತ್ಮಾವಲೋಕನ. “ಈ ಕ್ರಿಯೆಯನ್ನು ಚೆನ್ನಾಗಿ ಕಲಿತೆ, ಮುಂದೆ ಎಚ್ಚರಿಕೆಯಿಂದ ಇರುತ್ತೇನೆ” ಎಂಬ ವಾಕ್ಯವನ್ನು ಯಾವ ಕ್ರಿಯೆಯ ಕೆಳಗೆ ಬೇಕಾದರೂ ಬರೆಯಬಹುದಾದ್ದರಿಂದ ಅದರಿಂದ ಪ್ರಯೋಜನವಿಲ್ಲ. ಏನಾಯಿತು, ಏಕಾಯಿತು, ಮುಂದೆ ಏನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸುವುದು ರೂಢಿಯಲ್ಲಿರುವ ಸುಲಭ ಕ್ರಮ. ಮೇಲಿನ ಪ್ರಸಂಗಕ್ಕೆ ಅದು ಹೀಗಿರುತ್ತದೆ:

> ಮೊದಲ ಪ್ರಯತ್ನದಲ್ಲಿ ನೀರು ಬರಲಿಲ್ಲ. ಗುರುತು ಹಾಕಿದಾಗ ರೋಗಿ ಮಲಗಿದ್ದರು, ವಾರ್ಡಿನಲ್ಲಿ ಕುಳ್ಳಿರಿಸಲಾಯಿತು. ಭಂಗಿ ಬದಲಾದಾಗ ನೀರು ಸರಿದು, ಗುರುತು ಉಪಯೋಗಕ್ಕೆ ಬರಲಿಲ್ಲ. ಗುರುತನ್ನು ಯಾವ ಭಂಗಿಯಲ್ಲಿ ಹಾಕಿದರೆಂದು ನಾನು ಕೇಳಿರಲಿಲ್ಲ. ಮುಂದಿನ ಬಾರಿ, ಸೂಜಿ ಹಾಕುವ ಭಂಗಿಯಲ್ಲೇ ಹಾಸಿಗೆಯ ಬಳಿ ಮತ್ತೆ ಅಲ್ಟ್ರಾಸೌಂಡ್ ಮಾಡಿದ ನಂತರವೇ ಮುಂದುವರಿಯುವೆನು.

ಇಲ್ಲಿ ಹೇಳಿದ ಬದಲಾವಣೆಯನ್ನು ಪರೀಕ್ಷಿಸಿ ನೋಡಬಹುದು. ಇದೇ ಕ್ರಿಯೆಯ ಐದನೆಯ ನಮೂದಿನಲ್ಲಿ ‘ಹಾಸಿಗೆಯ ಬಳಿ ಮರುಪರೀಕ್ಷೆ ಮಾಡಲಾಗಿದೆ’ ಎಂದಿದ್ದರೆ ಕಲಿಕೆ ಆಗಿದೆಯೆಂದು ಮಾರ್ಗದರ್ಶಕರಿಗೆ ತಿಳಿಯುತ್ತದೆ.

## ರೋಗಿಯ ಗುರುತಿನ ಗೋಪ್ಯತೆ

ಮಾದರಿ ನಮೂದಿನಲ್ಲಿ ಚೋರನೂರಿನ ಹೆಸರನ್ನು ಬಿಡಲಾಗಿದೆ. ದೊಡ್ಡ ನಗರದಲ್ಲಿ ವಯಸ್ಸು ಮತ್ತು ಕಾಯಿಲೆಯಿಂದ ವ್ಯಕ್ತಿಯನ್ನು ಗುರುತಿಸುವುದು ಕಷ್ಟ. ಒಂದು ಊರಿನ ಹೆಸರು, ನಿಖರ ವಯಸ್ಸು ಮತ್ತು ಉದ್ಯೋಗ ಮೂರೂ ಸೇರಿದರೆ ಆ ಊರಿನವರಿಗೆ ವ್ಯಕ್ತಿ ಯಾರೆಂದು ತಿಳಿದುಹೋಗುತ್ತದೆ. ಕ್ಷಯದಂತಹ ಕಾಯಿಲೆಯ ಶಂಕೆ ಇರುವಾಗ ಇದು ರೋಗಿಗೆ ತೊಂದರೆ ತರಬಲ್ಲದು. ಕೋಷ್ಟಕದಲ್ಲಿ ‘ಹೆಸರು’ ಅಂಕಣವಿದ್ದರೂ ಲಾಗ್‌ಬುಕ್ ಅನೇಕರ ಕೈ ಸೇರುವುದರಿಂದ ಕ್ರಮಸಂಖ್ಯೆಯನ್ನು ಬರೆದು, ಅದನ್ನು ಆಸ್ಪತ್ರೆಯ ಸಂಖ್ಯೆಗೆ ಜೋಡಿಸುವ ಪಟ್ಟಿಯನ್ನು ವಿಭಾಗದಲ್ಲೇ ಇಡುವುದು ಸುರಕ್ಷಿತ.

## ಪರಿಶೀಲನೆ ಮತ್ತು ಮಿತಿಗಳು

ನಮೂದನ್ನು ಮಾರ್ಗದರ್ಶಕರು ದೃಢೀಕರಿಸಬೇಕು. ಪರೀಕ್ಷೆಗೆ ಮುನ್ನ ಒಂದೇ ಕೂರಿಕೆಯಲ್ಲಿ ತುಂಬಿದ ಪುಸ್ತಕವನ್ನು ಗುರುತಿಸುವುದು ಕಷ್ಟವಲ್ಲ: ತಿಂಗಳುಗಟ್ಟಲೆ ಒಂದೇ ಶಾಯಿ, ಆತ್ಮಾವಲೋಕನದಲ್ಲಿ ಅದೇ ವಾಕ್ಯ, ಎಲ್ಲಿಯೂ ವಿಫಲ ಪ್ರಯತ್ನದ ಸುಳಿವಿಲ್ಲ. ವಾರ್ಡಿನ ಅಥವಾ ಶಸ್ತ್ರಚಿಕಿತ್ಸಾ ಕೊಠಡಿಯ ರಿಜಿಸ್ಟರಿನೊಂದಿಗೆ ಕೆಲವು ದಿನಾಂಕಗಳನ್ನು ತಾಳೆ ನೋಡಿದರೆ ಸಂಶಯ ಬಗೆಹರಿಯುತ್ತದೆ.

ನಮೂದುಗಳ ಸಂಖ್ಯೆಯೊಂದರಿಂದಲೇ ಸಾಮರ್ಥ್ಯ ಸಿದ್ಧವಾಗುವುದಿಲ್ಲ. ವಿಫಲ ಪ್ರಯತ್ನವನ್ನು ಬರೆದ ವಿದ್ಯಾರ್ಥಿಗೆ ಕಡಿಮೆ ಅಂಕ ಸಿಗುವ ವಿಭಾಗದಲ್ಲಿ ಅಂತಹ ಪ್ರಯತ್ನಗಳು ಪುಸ್ತಕದಿಂದ ಮರೆಯಾಗುತ್ತವೆ. ಆಗ ಮುಂದಿನ ಮೇಲ್ವಿಚಾರಕರಿಗೆ, ಯಾವ ಹಂತದಲ್ಲಿ ವಿದ್ಯಾರ್ಥಿಗೆ ನೆರವು ಬೇಕೆಂದು ತಿಳಿಯುವ ದಾರಿ ಉಳಿಯುವುದಿಲ್ಲ.