‘ಯಾವಾಗಲೂ’ ಅನ್ನಬೇಡಿ, ತಾರೀಖು ಬರೆಯಿರಿ

ಕಂಪನಿಯೊಂದರ ಅಕೌಂಟ್ಸ್ ವಿಭಾಗ. ಹಿರಿಯ ಸಹೋದ್ಯೋಗಿಯೊಬ್ಬರು ಎಲ್ಲರೆದುರು ಚುಚ್ಚಿ ಮಾತಾಡುವುದನ್ನು ತಿಂಗಳುಗಟ್ಟಲೆ ನುಂಗಿಕೊಂಡ ಉದ್ಯೋಗಿಯೊಬ್ಬರು ಕೊನೆಗೆ ಎಚ್‌ಆರ್‌ಗೆ ದೂರು ಬರೆಯಲು ಕೂರುತ್ತಾರೆ. ಸಿಟ್ಟಿನಲ್ಲಿ ಮೊದಲು ಮೂಡುವುದು ಸಾಮಾನ್ಯವಾಗಿ ಇಂಥ ಸಾಲುಗಳು: ‘ಇವರು ಯಾವಾಗಲೂ ನನ್ನ ಮಾನ ಕಳೆಯುತ್ತಾರೆ. ಹೊಟ್ಟೆಕಿಚ್ಚಿಗೆ ಹೀಗೆ ಮಾಡುತ್ತಿದ್ದಾರೆ. ಇಡೀ ಆಫೀಸಿಗೇ ಇದು ಗೊತ್ತು.’

ಇದರಲ್ಲಿ ನೋವು ನಿಜ, ಆದರೆ ಪರಿಶೀಲಿಸಲು ಏನೂ ಇಲ್ಲ. ದೂರಿನ ಸಾರ ಎದುರಿನವರಿಗೂ ತಿಳಿಯುತ್ತದೆ, ಉತ್ತರ ಕೊಡಲು ಅವರಿಗೂ ಅವಕಾಶವಿರುತ್ತದೆ. ‘ಯಾವಾಗಲೂ’ ಎಂಬುದನ್ನು ಸುಳ್ಳು ಮಾಡಲು ಅವರು ಸೌಜನ್ಯದಿಂದ ಬರೆದ ಎರಡು ಮೇಲ್ ತೋರಿಸಿದರೆ ಸಾಕು. ‘ಇಡೀ ಆಫೀಸಿಗೆ’ ಎಂದದ್ದಕ್ಕೆ ಎಚ್‌ಆರ್ ನಾಲ್ವರನ್ನು ಕರೆದು ಕೇಳಿ, ಇಬ್ಬರು ‘ನಮಗೆ ಗೊತ್ತಿಲ್ಲ’ ಎಂದರೆ ಉಳಿದ ಮಾತಿನ ಮೇಲೂ ಅನುಮಾನ ಬರುತ್ತದೆ. ಹೊಟ್ಟೆಕಿಚ್ಚನ್ನಂತೂ ಯಾರೂ ಸಾಬೀತು ಮಾಡಲಾರರು.

ಅದೇ ಸಂಗತಿಯನ್ನು ಹೀಗೆ ಬರೆಯಬಹುದು:

‘2025ರ ಮಾರ್ಚ್ 4, ಮಂಗಳವಾರ ಬೆಳಿಗ್ಗೆ ಸುಮಾರು 11 ಗಂಟೆಗೆ ತಿಂಗಳ ಲೆಕ್ಕ ಮುಗಿಸುವ ಮೀಟಿಂಗ್‌ನಲ್ಲಿ ಅವರು ನನಗೆ “ಇಷ್ಟೂ ಗೊತ್ತಾಗಲ್ವೇನ್ರೀ ನಿಮಗೆ? ಇಂಥವರನ್ನ ಎಲ್ಲಿಂದ ಹಿಡ್ಕೊಂಡ್ ಬರ್ತಾರೋ!” ಎಂದರು. ನಮ್ಮ ತಂಡದ ಇನ್ನಿಬ್ಬರು ಅಲ್ಲಿದ್ದರು. ನಾನು ಉತ್ತರಿಸಲಿಲ್ಲ. ಮಾರ್ಚ್ 19ರಂದು ತಂಡದ ಚಾಟ್ ಗುಂಪಿನಲ್ಲಿ ನನ್ನ ಪಟ್ಟಿಯ ಕೆಳಗೆ “ಮತ್ತೆ ಅದೇ ದಡ್ಡತನ” ಎಂದು ಬರೆದರು. ಪಟ್ಟಿಯಲ್ಲಿ ಒಂದು ಮೊತ್ತ ತಪ್ಪಾಗಿದ್ದದ್ದು ನಿಜ, ಅದನ್ನು ಅಂದೇ ಸರಿಪಡಿಸಿದೆ. ಏಪ್ರಿಲ್ 3ರಂದು ಊಟದ ಬಿಡುವಿನಲ್ಲಿ, ಹೀಗೆ ಮಾತಾಡಬೇಡಿ ಎಂದು ಅವರಿಗೆ ಹೇಳಿದೆ. “ಸಹಿಸೋಕಾಗದಿದ್ರೆ ಬೇರೆ ಕೆಲಸ ನೋಡ್ಕೊಳ್ಳಿ” ಎಂಬರ್ಥದ ಮಾತಾಡಿದರು. ಆಗ ಹತ್ತಿರದಲ್ಲಿ ಯಾರೂ ಇರಲಿಲ್ಲ.’

ಇಲ್ಲಿ ವಿಶೇಷಣಗಳಿಲ್ಲ, ಆದರೂ ಓದಿದವರಿಗೆ ಸಂಗತಿ ತಟ್ಟುತ್ತದೆ. ಮೂರು ಘಟನೆಗಳಿಂದಲೇ ಇದು ಒಂದು ದಿನದ ಸಿಡುಕಲ್ಲ ಎಂದು ಗೊತ್ತಾಗುತ್ತದೆ. ಕಿವಿಗೆ ಬಿದ್ದದ್ದು ಅಕ್ಷರಶಃ ನೆನಪಿದ್ದ ಕಡೆ ಹಾಗೇ ಬರೆಯಬೇಕು. ಇಲ್ಲದ ಕಡೆ ‘ಎಂಬರ್ಥದ ಮಾತು’ ಎಂದು ಒಪ್ಪಿಕೊಳ್ಳುವುದೇ ಸರಿ. ತನ್ನ ಪಟ್ಟಿಯಲ್ಲಿ ತಪ್ಪಿತ್ತು ಎಂಬುದನ್ನೂ ಮುಚ್ಚಿಡಬಾರದು. ಆ ತಪ್ಪನ್ನು ಎದುರಿನವರು ಹೇಗೂ ಎತ್ತುತ್ತಾರೆ, ಆಗ ದೂರುದಾರರು ಬಚ್ಚಿಟ್ಟಂತೆ ಕಾಣುತ್ತದೆ. ತಾವೂ ದನಿ ಏರಿಸಿದ್ದರೆ ಅದಕ್ಕೂ ಒಂದು ಸಾಲು ಇರಲಿ.

ಸಾಕ್ಷಿಗಳ ವಿಷಯದಲ್ಲಿ ‘ಅಲ್ಲಿದ್ದರು’ ಎಂದು ಬರೆದು ಹೆಸರು ಕೊಟ್ಟರೆ ಸಾಕು. ‘ನನ್ನ ಪರ ಹೇಳುತ್ತಾರೆ’ ಎಂದು ಅವರ ಪರವಾಗಿ ಮಾತು ಕೊಡುವುದು ಬೇಡ. ಚಾಟ್‌ನ ಸ್ಕ್ರೀನ್‌ಶಾಟ್ ಲಗತ್ತಿಸುವಾಗ ಚುಚ್ಚಿದ ಸಾಲನ್ನಷ್ಟೇ ಕತ್ತರಿಸದೆ ಹಿಂದುಮುಂದಿನ ಮಾತುಗಳನ್ನೂ ತಾರೀಖಿನ ಸಮೇತ ಉಳಿಸಬೇಕು. ಆಧಾರ ಕೂಡಿಡುವ ಭರದಲ್ಲಿ ಕಂಪನಿಯ ಮೇಲ್‌ಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಂಡರೆ ಗೋಪ್ಯತೆಯ ನಿಯಮ ಮುರಿದ ಆರೋಪ ತಮ್ಮ ಮೇಲೆಯೇ ಬರಬಹುದು. ಕದ್ದು ಧ್ವನಿಮುದ್ರಣ ಮಾಡುವ ಮೊದಲೂ ಕಂಪನಿಯ ನಿಯಮ ನೋಡಬೇಕು.

ಕೊನೆಯ ಭಾಗ ಬೇಡಿಕೆ. ‘ಕೆಲಸದಿಂದ ತೆಗೆಯಿರಿ’ ಎಂದು ಶಿಕ್ಷೆ ಸೂಚಿಸುವ ಬದಲು, ‘ಈ ಘಟನೆಗಳನ್ನು ಪರಿಶೀಲಿಸಿ, ಇಂಥ ಮಾತು ನಿಲ್ಲುವಂತೆ ಮಾಡಿ, ಮುಂದಿನ ಕ್ರಮವನ್ನು ನನಗೆ ಯಾರು, ಯಾವಾಗ ತಿಳಿಸುತ್ತಾರೆ ಎಂದು ಹೇಳಿ’ ಎಂದು ಕೇಳಬಹುದು. ಕೆಲಸಕ್ಕೆ ತೊಂದರೆ ಆಗಿದ್ದರೆ ಅದನ್ನೂ ಅಳತೆ ತಪ್ಪದೆ ಹೇಳಬೇಕು: ‘ಮಾರ್ಚ್ 19ರ ನಂತರ ಗುಂಪಿನಲ್ಲಿ ಪ್ರಶ್ನೆ ಕೇಳುವುದನ್ನು ಬಿಟ್ಟು ಮ್ಯಾನೇಜರ್‌ಗೆ ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ.’ ಇಷ್ಟೆಲ್ಲ ಒಂದು ಪುಟದಲ್ಲಿ ಹಿಡಿಸುತ್ತದೆ. ಮಾತಿನಲ್ಲಿ ಹೇಳಿದ್ದರೂ ಮೇಲ್‌ನಲ್ಲಿ ಕಳಿಸಿದರೆ ತಲುಪಿದ ದಿನದ ದಾಖಲೆ ಉಳಿಯುತ್ತದೆ.

ಎಚ್‌ಆರ್ ಕಂಪನಿಯ ವಿಭಾಗ, ದೂರುದಾರರ ವಕೀಲನಲ್ಲ. ಗೋಪ್ಯವಾಗಿಡುತ್ತೇವೆ ಎಂದರೂ, ತಾರೀಖು ನೋಡಿದ ಕೂಡಲೇ ದೂರು ಯಾರದೆಂದು ಎದುರಿನವರು ಊಹಿಸಬಲ್ಲರು. ಅವರಿಗೆ ಎಚ್ಚರಿಕೆ ಕೊಟ್ಟರೋ ಇಲ್ಲವೋ ಎಂಬುದನ್ನು ದೂರುದಾರರಿಗೆ ತಿಳಿಸದೆಯೂ ಇರಬಹುದು. ಹಾಗಾಗಿ ದೂರಿನ ನಂತರ ಮಾತು ನಿಂತಿತೇ, ಕೆಲಸದ ಹಂಚಿಕೆ ಏಕಾಏಕಿ ಬದಲಾಯಿತೇ ಎಂಬುದನ್ನೂ ತಾರೀಖಿನೊಂದಿಗೆ ಬರೆದಿಟ್ಟುಕೊಳ್ಳಬೇಕು.

ಒರಟು ಮಾತುಗಳೆಲ್ಲ ಒಂದೇ ಬಾಗಿಲಿಗೆ ಹೋಗುವುದಿಲ್ಲ. ಮಹಿಳೆಯ ಮೇಲೆ ಆಡಿದ ಮಾತಿಗೆ ಲೈಂಗಿಕ ಬಣ್ಣವಿದ್ದರೆ ಅದಕ್ಕೆ 2013ರ ಕಾಯ್ದೆ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಅದಕ್ಕೆಂದೇ ಆಂತರಿಕ ಸಮಿತಿ ಇರಬೇಕು. ಅಲ್ಲಿಗೆ ಲಿಖಿತ ದೂರು ಕೊಡಲು, ಸರಣಿ ಘಟನೆಗಳಾದರೆ ಕೊನೆಯ ಘಟನೆಯಿಂದ, ಮೂರು ತಿಂಗಳ ಗಡುವಿದೆ. ತಕ್ಕ ಕಾರಣವಿದ್ದರೆ ಸಮಿತಿ ಅದನ್ನು ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು.