ನಿಮಗಿದು ಗೊತ್ತೇ? ಬೆಳ್ಳಿ ಪೂಜಾ ಸಾಮಾನಿನ ಬಿಲ್ಲಿನೊಳಗೆ

ಶ್ರಾವಣ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬೆಳ್ಳಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ಕುಂಕುಮ ಭರಣಿಯಾದರೂ ಹೊಸದು ಬರಬೇಕು. ಕೊಳ್ಳುವ ಮುಂಚೆ ಒಂದಿಷ್ಟು ವಿಷಯ ತಿಳಿದಿರಲಿ.

ಚಿನ್ನಕ್ಕಿರುವ ಕಡ್ಡಾಯ ಬೆಳ್ಳಿಗಿಲ್ಲ, ಗೊತ್ತೇ?
ಚಿನ್ನದೊಡವೆಗೆ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಜಿಲ್ಲೆ ಜಿಲ್ಲೆಯಾಗಿ ಕಡ್ಡಾಯವಾಗುತ್ತ ಬಂತು. ಬೆಳ್ಳಿಗೆ ಅದು ಅಂಗಡಿಯವರ ಇಚ್ಛೆ. ಹಾಗಾಗಿ ಮುದ್ರೆ ಇಲ್ಲದ ಪಂಚಪಾತ್ರೆಯನ್ನೆಲ್ಲ ಕಳ್ಳಮಾಲು ಎನ್ನುವಂತಿಲ್ಲ. ಆದರೆ ಅದರ ಶುದ್ಧತೆಗೆ ಅಂಗಡಿಯವರ ಮಾತೊಂದೇ ಆಧಾರ.

ಮುದ್ರೆ ಇದ್ದರೆ ಭೂತಗನ್ನಡಿ ಹಿಡಿದು ನೋಡಿ. ಬಿಐಎಸ್ ಲಾಂಛನದ ಜೊತೆಗೆ 800, 925, 990 ಇಂಥದ್ದೊಂದು ಅಂಕಿ ಇರುತ್ತದೆ. 925 ಎಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಂಗಡಿಯ ಮಾತಿನಲ್ಲಿ ಇದೇ ತೊಂಬತ್ತೆರಡೂವರೆ ಟಚ್. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಅಕ್ಷರ, ಅಂಕಿ ಬೆರೆತ ಆರು ಸ್ಥಾನದ ಗುರುತು ಬಂದಿದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನ `Verify HUID` ಎಂಬಲ್ಲಿ ಒತ್ತಿದರೆ ವಸ್ತು ಯಾವುದು, ಶುದ್ಧತೆ ಎಷ್ಟು ಎಂದು ತೋರಿಸುತ್ತದೆ. ಕೈಯಲ್ಲಿರುವುದು ಗಂಟೆ, ಪರದೆಯಲ್ಲಿ ಕಾಣುವುದು ಕಾಲುಗೆಜ್ಜೆ ಆದರೆ ಅಲ್ಲಿಗೇ ನಿಲ್ಲಿಸಿ. ಹಳೆಯ ಸಾಮಾನಿನಲ್ಲಿ ಈ ಗುರುತು ಇರುವುದಿಲ್ಲ, ಅದು ತಪ್ಪಲ್ಲ.

ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ!
ಅದು ತಾಮ್ರ, ನಿಕ್ಕಲ್, ಸತುವಿನ ಬೆರಕೆ. ತಾಂಬೂಲದ ಜೊತೆ ಕೊಡಲು ಚೆನ್ನ, ಬೆಳ್ಳಿಯ ದರಕ್ಕೆ ಕೊಂಡರೆ ಕೆಟ್ಟಂತೆ.

ಲಕ್ಷ್ಮಿ ಮುಖವಾಡದ ತೂಕವೆಲ್ಲ ಬೆಳ್ಳಿಯದಲ್ಲದೆ ಇರಬಹುದು.
ಮುಖವಾಡ ತೆಳು ತಗಡಿನಲ್ಲಿ ಉಬ್ಬಿಸಿದ ಕೆಲಸ. ನಜ್ಜಾಗದಿರಲೆಂದು ಕೆಲವಕ್ಕೆ ಹಿಂದೆ ಅರಗು ತುಂಬುತ್ತಾರೆ, ಕಣ್ಣು ಹುಬ್ಬಿಗೆ ಬಣ್ಣ, ಮೂಗುಬೊಟ್ಟಿಗೆ ಕಲ್ಲು ಇಡುತ್ತಾರೆ. ದೀಪದ ಕಂಬದ ಪೀಠವೂ ಹೀಗೆ ತುಂಬಿರಬಹುದು. ಆದ್ದರಿಂದ ಬಿಲ್ಲಿನಲ್ಲಿ ಒಟ್ಟು ತೂಕ ಬೇರೆ, ಬೆಳ್ಳಿಯ ನಿವ್ವಳ ತೂಕ ಬೇರೆ ಬರೆಸಿಕೊಳ್ಳಿ. ಅರಗಿಗೆ ಬೆಳ್ಳಿಯ ದರ ಕೊಡುವುದು ಯಾವ ಶಾಸ್ತ್ರ?

80 ಗ್ರಾಂ ಪಂಚಪಾತ್ರೆಗೆ ಎಷ್ಟು?
ಲೆಕ್ಕ ಸುಲಭವಾಗಲೆಂದು ಚೊಕ್ಕ ಬೆಳ್ಳಿ ಗ್ರಾಂಗೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಪಾತ್ರೆ 925ರದ್ದು. ಅಂದರೆ 80 ಗ್ರಾಂನಲ್ಲಿ ಚೊಕ್ಕ ಬೆಳ್ಳಿ 74 ಗ್ರಾಂ, ಬೆಲೆ 14,800. ಮಜೂರಿ ಗ್ರಾಂಗೆ 15ರಂತೆ 1,200. ಎರಡೂ ಸೇರಿ 16,000. ಅದರ ಮೇಲೆ ಶೇ 3 ಜಿಎಸ್‌ಟಿ 480 ಸೇರಿಸಿದರೆ 16,480. ಹಾಲ್‌ಮಾರ್ಕ್ ಶುಲ್ಕ ಬೆಳ್ಳಿಗೆ ಒಂದು ವಸ್ತುವಿಗೆ 35 ರೂಪಾಯಿ, ಮೇಲೆ ತೆರಿಗೆ ಅಷ್ಟೇ. ‘ಹಾಲ್‌ಮಾರ್ಕ್ ಇರೋದರಿಂದ ದುಬಾರಿ ಸ್ವಾಮಿ’ ಎಂಬ ಮಾತಿಗೆ ಹೆಚ್ಚು ತೂಕವಿಲ್ಲ.

ಎಡವುವುದು ಎರಡು ಕಡೆ. ಒಂದು, 925ರ ಪಾತ್ರೆಗೂ ಚೊಕ್ಕ ಬೆಳ್ಳಿಯ ದರವನ್ನೇ ಹಾಕಿದರೆ ಮಜೂರಿಗೆ ಮುಂಚೆಯೇ 1,200 ರೂಪಾಯಿ ಹೆಚ್ಚು ತೆತ್ತಿರುತ್ತೀರಿ. 800ರ ಪಾತ್ರೆಯಾದರೆ ಅದರಲ್ಲಿರುವುದು 64 ಗ್ರಾಂ ಮಾತ್ರ, ಆಗ ವ್ಯತ್ಯಾಸ 3,200. ಎರಡು, ಮಜೂರಿಯನ್ನು ಶೇಕಡಾ ಲೆಕ್ಕದಲ್ಲಿ ಹಾಕಿದರೆ ಬೆಳ್ಳಿ ಏರಿದಂತೆ ಅದೂ ಏರುತ್ತದೆ. ಶೇ 10 ಎಂದರೆ, ಬೆಳ್ಳಿ ಗ್ರಾಂಗೆ 100 ಇದ್ದಾಗ ಇದೇ ಪಾತ್ರೆಗೆ 740, 200 ಆದಾಗ 1,480. ಅಕ್ಕಸಾಲಿಗನ ಸುತ್ತಿಗೆ ಏಟು ಒಂದೂ ಹೆಚ್ಚಿಲ್ಲ. ಗ್ರಾಂ ಲೆಕ್ಕದ ಮಜೂರಿಯೇ ನನಗೆ ನ್ಯಾಯವಾಗಿ ಕಾಣುತ್ತದೆ, ನಕ್ಷಿ ಕೆಲಸಕ್ಕೆ ಗ್ರಾಂಗೆ ನಾಲ್ಕು ಕಾಸು ಜಾಸ್ತಿ ಕೇಳಿದರೂ ಸರಿ.

ಆ್ಯಂಟಿಕ್ ಕಪ್ಪು ಹಳೆಯದರ ಗುರುತಲ್ಲ.
ಗಂಧಕದ ದ್ರಾವಣದಿಂದ ಬೇಕೆಂದೇ ಕಪ್ಪೇರಿಸಿ, ಉಬ್ಬುಗಳನ್ನು ಮಾತ್ರ ಉಜ್ಜಿ ಬೆಳಗಿಸಿದ ಫಿನಿಶ್ ಅದು. ಮನೆಯಲ್ಲಿ ಬೆಳ್ಳಿ ತಾನಾಗಿ ಕಪ್ಪಾಗುವುದೂ ಗಾಳಿಯ ಗಂಧಕದಿಂದಲೇ. ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಅದ್ದಿದರೆ ಮಿರುಗು ಫಿನಿಶ್‌ನ ತಟ್ಟೆ ಉಜ್ಜದೆಯೇ ಬೆಳಗುತ್ತದೆ. ಆ್ಯಂಟಿಕ್ ಸಾಮಾನನ್ನು ಅದರಲ್ಲಿ ಅದ್ದಿದರೆ ಕೊಟ್ಟ ಕಾಸಿನ ಕಪ್ಪೂ ಹೋಗುತ್ತದೆ. ಅರಗು ತುಂಬಿದ್ದನ್ನೂ ಬಿಸಿನೀರಿಗೆ ಹಾಕಬೇಡಿ.

ತಕ್ಕಡಿ, ಒಂದು ಲೋಟ ನೀರು, ಒಂದು ದಾರ ಸಾಕು.
ದಶಮಾಂಶ ತೋರಿಸುವ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ದಾರಕ್ಕೆ ಕಟ್ಟಿದ ಪಂಚಪಾತ್ರೆಯನ್ನು ತಳ ತಾಗದಂತೆ ಪೂರ್ತಿ ಮುಳುಗಿಸಿ, ಒಳಗಿನ ಗಾಳಿ ಬಿಡಿಸಿ. 80 ಗ್ರಾಂನ 925 ಬೆಳ್ಳಿಯಾದರೆ ತಕ್ಕಡಿ ಸುಮಾರು 7.7 ಗ್ರಾಂ ತೋರಿಸಬೇಕು. 9 ದಾಟಿತೋ, ಜರ್ಮನ್ ಸಿಲ್ವರೋ ಹಿತ್ತಾಳೆಯ ಮೇಲಿನ ಲೇಪವೋ ಎಂದು ಅನುಮಾನಿಸಿ. ಆದರೆ 800ಕ್ಕೂ 925ಕ್ಕೂ ಇರುವ ಅಂತರ ಇಲ್ಲಿ ಹಿಡಿಯುವಷ್ಟು ದೊಡ್ಡದಲ್ಲ. ಟೊಳ್ಳು ವಿಗ್ರಹಕ್ಕೂ ಈ ಪರೀಕ್ಷೆ ನಡೆಯದು.

ಹಾಕಿ ತೆಗೆದುಕೊಳ್ಳುವಾಗ?
ಹಳೆಯದನ್ನು ಕೊಟ್ಟು ಹೊಸದು ಕೊಳ್ಳುವಾಗ ಮಜೂರಿ, ಜಿಎಸ್‌ಟಿ ಎರಡೂ ವಾಪಸ್ ಬರುವುದಿಲ್ಲ. ನಮ್ಮ ಪಂಚಪಾತ್ರೆಯಲ್ಲಿ ಲೆಕ್ಕಕ್ಕೆ ಸಿಗುವುದು ಆ 74 ಗ್ರಾಂ ಮಾತ್ರ, ಅದೂ ಅಂದಿನ ದರದಲ್ಲಿ. ಬಿಲ್ಲಿನಲ್ಲಿ 925 ಎಂದು ಬರೆಸಿಕೊಂಡಿದ್ದರೆ ಅದು 74 ಎಂದು ವಾದಿಸಬಹುದು. ಬರೀ ‘ಬೆಳ್ಳಿ ಪಾತ್ರೆ 1’ ಎಂದಿದ್ದರೆ ಅಂಗಡಿಯವರು ಹೇಳಿದ್ದೇ ಟಚ್.